ಲಾಭ ಏರಿದ್ದು ಎಲ್ಲಿಂದ?: ಕಂಪನಿಯ ವಾರ್ಷಿಕ ವರದಿಯನ್ನು ಸಣ್ಣ ಹೂಡಿಕೆದಾರರಿಗಾಗಿ ಸಂಗ್ರಹಿಸುವ ಬಗೆ



ಷೇರು ಇಟ್ಟುಕೊಂಡವರಿಗೆಲ್ಲ ವರ್ಷಕ್ಕೊಮ್ಮೆ ಕಂಪನಿಯಿಂದ ಒಂದು ದಪ್ಪ ಕಡತ ಬರುತ್ತದೆ. ಹಿಂದೆ ಅಂಚೆಯಲ್ಲಿ ಪುಸ್ತಕವಾಗಿ ಬರುತ್ತಿತ್ತು, ಈಗ ಇಮೇಲಿನಲ್ಲಿ ಒಂದು ಕೊಂಡಿಯಾಗಿ ಬರುತ್ತದೆ. ಮುನ್ನೂರು ನಾನೂರು ಪುಟಗಳ ಆ ವಾರ್ಷಿಕ ವರದಿಯಲ್ಲಿ ಸಾಮಾನ್ಯ ಓದುಗ ಓದಬಹುದಾದ ಒಂದು ಭಾಗವಿದೆ. ಕಳೆದ ವರ್ಷ ವ್ಯಾಪಾರ ಹೇಗೆ ನಡೆಯಿತು, ಯಾಕೆ ಹಾಗೆ ನಡೆಯಿತು, ಮುಂದೇನು ಕಾಣುತ್ತಿದೆ ಎಂದು ಕಂಪನಿ ನಡೆಸುವವರೇ ಮಾತಿನಲ್ಲಿ ಹೇಳುವ ಭಾಗ ಅದು. ಅದರ ಹೆಸರು ಆಡಳಿತ ವರ್ಗದ ಚರ್ಚೆ ಮತ್ತು ವಿಶ್ಲೇಷಣೆ. ಇವತ್ತಿನ ಮಾತಿನಲ್ಲಿ ಅದನ್ನು ಚರ್ಚಾ ಭಾಗ ಎಂದು ಕರೆಯುತ್ತೇನೆ.

ಈ ಭಾಗವನ್ನು ಒಂದು ಪುಟಕ್ಕಿಳಿಸಿ ಸಣ್ಣ ಹೂಡಿಕೆದಾರರಿಗೆ ಕೊಡುವ ಕೆಲಸ ಇಂದು ಪತ್ರಿಕೆಗಳಲ್ಲೂ ಹೂಡಿಕೆದಾರರ ಸಂಘಗಳಲ್ಲೂ ನಡೆಯುತ್ತಿದೆ. ಅದು ಬಹುಮಟ್ಟಿಗೆ ತಪ್ಪಾಗಿ ನಡೆಯುತ್ತಿದೆ ಎನ್ನುವುದು ನನ್ನ ಅಭಿಪ್ರಾಯ. ಸಂಗ್ರಹ ಮಾಡುವವರು ಫಲಿತಾಂಶವನ್ನು ಉಳಿಸಿಕೊಂಡು ಕಾರಣವನ್ನು ಬಿಡುತ್ತಾರೆ. ಆದರೆ ಫಲಿತಾಂಶ ವರದಿಗಿಂತ ತಿಂಗಳುಗಳ ಮೊದಲೇ ಪತ್ರಿಕೆಯಲ್ಲಿ ಬಂದಿರುತ್ತದೆ. ಈ ಭಾಗದಲ್ಲಿ ಓದುಗನಿಗೆ ಹೊಸದಾಗಿ ಸಿಗುವುದು ಕಾರಣ ಮಾತ್ರ.

ಮೊದಲು ನಿಯಮ ಏನು ಹೇಳುತ್ತದೆ ನೋಡೋಣ. ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳು ಈ ಭಾಗವನ್ನು ಬರೆಯಲೇಬೇಕೆಂಬ ಕಟ್ಟಳೆಯ ಹಿಂದೆ ಸೆಬಿ 1999ರಲ್ಲಿ ನೇಮಿಸಿದ ಕುಮಾರ ಮಂಗಲಂ ಬಿರ್ಲಾ ಸಮಿತಿಯ ಶಿಫಾರಸು ಇದೆ. ಈಗ ಅದು ಸೆಬಿಯ 2015ರ ನಿಯಮಾವಳಿಯಲ್ಲಿದೆ. ಉದ್ಯಮದ ಸ್ವರೂಪ, ಅವಕಾಶ ಮತ್ತು ಅಪಾಯ, ವಿಭಾಗವಾರು ಸಾಧನೆ, ಮುನ್ನೋಟ, ಒಳಗಿನ ನಿಯಂತ್ರಣ ವ್ಯವಸ್ಥೆ, ಕೆಲಸಗಾರರ ಸಂಖ್ಯೆ ಇವೆಲ್ಲ ಅಲ್ಲಿರಬೇಕು. 2018ರ ತಿದ್ದುಪಡಿ ಇನ್ನೊಂದು ಹೊರೆ ಸೇರಿಸಿತು. ಬಾಕಿ ವಸೂಲಿ, ದಾಸ್ತಾನು, ಬಡ್ಡಿ ಕಟ್ಟುವ ಶಕ್ತಿ, ಸಾಲದ ಪ್ರಮಾಣ, ಲಾಭದ ಪ್ರಮಾಣ ಮುಂತಾದ ಮುಖ್ಯ ಅನುಪಾತಗಳಲ್ಲಿ ಯಾವುದಾದರೂ ಹಿಂದಿನ ವರ್ಷಕ್ಕಿಂತ ಶೇ 25 ಅಥವಾ ಹೆಚ್ಚು ಬದಲಾದರೆ ಅದಕ್ಕೆ ವಿವರವಾದ ಕಾರಣ ಕೊಡಬೇಕು. ಷೇರುದಾರರ ಬಂಡವಾಳದ ಮೇಲಿನ ಗಳಿಕೆಯ ವಿಷಯದಲ್ಲಿ ಬದಲಾವಣೆ ಎಷ್ಟೇ ಇರಲಿ ಕಾರಣ ಹೇಳಬೇಕು.

ಇನ್ನು ಒಂದು ನಿಜವಾದ ವರ್ಷವನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ಇನ್ಫೊಸಿಸ್, ಹಣಕಾಸು ವರ್ಷ 2023-24. ಈ ಕಂಪನಿಯನ್ನು ಆರಿಸಿದ್ದು ಅದರಲ್ಲಿ ಹುಳುಕಿದೆ ಎಂದಲ್ಲ. ಅದು ವಿವರಗಳನ್ನು ಧಾರಾಳವಾಗಿ ಕೊಡುತ್ತದೆ. ನಾನು ಮುಂದೆ ಹೇಳುವ ಅಂಕಿಗಳೆಲ್ಲ ಕಂಪನಿಯೇ ಪ್ರಕಟಿಸಿದವು, ಇಲ್ಲವೇ ಅವುಗಳಿಂದ ಯಾರು ಬೇಕಾದರೂ ಲೆಕ್ಕ ಹಾಕಿಕೊಳ್ಳಬಹುದಾದವು. ಇಷ್ಟು ತೆರೆದಿಟ್ಟ ಕಡೆಯೂ ಸಂಗ್ರಹ ಹೇಗೆ ದಾರಿ ತಪ್ಪಬಹುದು ಎಂದು ನೋಡಿದರೆ, ಬಾಯಿ ಬಿಗಿಹಿಡಿದ ಕಂಪನಿಗಳ ವಿಷಯದಲ್ಲಿ ಎಷ್ಟು ಎಚ್ಚರ ಬೇಕು ಎನ್ನುವುದು ತಿಳಿಯುತ್ತದೆ.

ಆ ವರ್ಷದ ಅವಸರದ ಸಂಗ್ರಹ ಹೀಗಿರುತ್ತಿತ್ತು: ಆದಾಯ 1,46,767 ಕೋಟಿ ರೂಪಾಯಿಯಿಂದ 1,53,670 ಕೋಟಿಗೆ, ಅಂದರೆ ಶೇ 4.7ರಷ್ಟು ಏರಿದೆ. ನಿವ್ವಳ ಲಾಭ 24,095 ಕೋಟಿಯಿಂದ 26,233 ಕೋಟಿಗೆ, ಅಂದರೆ ಶೇ 8.9ರಷ್ಟು ಏರಿದೆ. ದೊಡ್ಡ ಗುತ್ತಿಗೆಗಳ ಮೊತ್ತ 17.7 ಬಿಲಿಯನ್ ಡಾಲರ್, ಇದುವರೆಗಿನ ದಾಖಲೆ. ಈ ಮೂರು ವಾಕ್ಯಗಳಲ್ಲಿ ಒಂದೂ ಸುಳ್ಳಲ್ಲ. ಆದರೂ ಇದನ್ನಷ್ಟೇ ಓದಿದವರ ಮನಸ್ಸಿನಲ್ಲಿ ಮೂಡುವ ಚಿತ್ರ ಆ ವರ್ಷದ್ದಲ್ಲ.

ಆದಾಯದಿಂದ ಶುರು ಮಾಡೋಣ. ಕಂಪನಿಯ ಗಿರಾಕಿಗಳು ಬಹುತೇಕ ಅಮೆರಿಕ, ಯೂರೋಪಿನವರು. ಬಿಲ್ಲು ಡಾಲರಿನಲ್ಲಿ, ಯೂರೋದಲ್ಲಿ, ಪೌಂಡಿನಲ್ಲಿ ಆಗುತ್ತದೆ, ಲೆಕ್ಕ ರೂಪಾಯಿಗೆ ಬರುತ್ತದೆ. ಡಾಲರಿನಲ್ಲಿ ನೋಡಿದರೆ ಆದಾಯ 18,212 ಮಿಲಿಯನ್‌ನಿಂದ 18,562 ಮಿಲಿಯನ್‌ಗೆ ಏರಿತು, ಅಂದರೆ ಶೇ 1.9. ರೂಪಾಯಿಯ ಮೊತ್ತವನ್ನು ಡಾಲರಿನ ಮೊತ್ತದಿಂದ ಭಾಗಿಸಿದರೆ ಕಾರಣ ಕಣ್ಣಿಗೆ ಬೀಳುತ್ತದೆ. ಮೊದಲ ವರ್ಷ ಒಂದು ಡಾಲರಿಗೆ ಸರಾಸರಿ 80 ರೂಪಾಯಿ 60 ಪೈಸೆ ಆಸುಪಾಸು ಸಿಕ್ಕಿದ್ದರೆ ಎರಡನೆಯ ವರ್ಷ 82 ರೂಪಾಯಿ 80 ಪೈಸೆಯ ಹತ್ತಿರ ಸಿಕ್ಕಿದೆ. ಶೇ 4.7ರ ಏರಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ರೂಪಾಯಿ ಇಳಿದದ್ದರಿಂದ ಬಂದದ್ದು. ಮೂರನೆಯ ಅಂಕಿಯೊಂದಿದೆ, ಅದನ್ನು ಸ್ಥಿರ ಕರೆನ್ಸಿಯ ಬೆಳವಣಿಗೆ ಎನ್ನುತ್ತಾರೆ. ಎಲ್ಲ ಕರೆನ್ಸಿಗಳ ವಿನಿಮಯ ದರ ಬದಲಾಗಲೇ ಇಲ್ಲ ಎಂದು ಭಾವಿಸಿ ಮಾಡಿದ ಲೆಕ್ಕ ಅದು. ಎರಡು ವರ್ಷದ ಬೆಳೆಯನ್ನೂ ಒಂದೇ ಸೇರಿನಿಂದ ಅಳೆದಂತೆ. ಆ ಅಳತೆಯಲ್ಲಿ ಬೆಳವಣಿಗೆ ಶೇ 1.4 ಮಾತ್ರ. ಕಂಪನಿ ಗಿರಾಕಿಗಳಿಂದ ಎಷ್ಟು ಹೆಚ್ಚು ಕೆಲಸ ಪಡೆಯಿತು ಎಂಬ ಪ್ರಶ್ನೆಗೆ ಹತ್ತಿರದ ಉತ್ತರ ಇದೇ. ಸಂಗ್ರಹದಲ್ಲಿ ಒಂದೇ ಅಂಕಿಗೆ ಜಾಗವಿದ್ದರೆ ನಾನು ಇದನ್ನೇ ಇಡುತ್ತೇನೆ.

ಲಾಭದ ಕತೆ ಇನ್ನೂ ಮುಖ್ಯ. ಶೇ 1.4ರಷ್ಟು ಮಾತ್ರ ಬೆಳೆದ ವ್ಯಾಪಾರದಲ್ಲಿ ಲಾಭ ಶೇ 8.9ರಷ್ಟು ಏರಿದ್ದು ಹೇಗೆ? ಇಂಥ ಅಂತರ ಕಂಡಾಗ ಮೇಲಿನಿಂದ ಕೆಳಕ್ಕೆ ಒಂದೊಂದೇ ಮೆಟ್ಟಿಲು ಇಳಿಯಬೇಕು. ಮೊದಲ ಮೆಟ್ಟಿಲು ಕಾರ್ಯಾಚರಣೆಯ ಲಾಭ, ಅಂದರೆ ನಿಜವಾದ ಕಸುಬಿನಿಂದ ಬಂದ ಲಾಭ. ಅದು 30,905 ಕೋಟಿಯಿಂದ 31,747 ಕೋಟಿಗೆ ಏರಿದೆ, ಶೇ 2.7ರಷ್ಟು. ಆದಾಯದ ನೂರು ರೂಪಾಯಿಗೆ ಉಳಿಯುತ್ತಿದ್ದ 21 ರೂಪಾಯಿ 10 ಪೈಸೆ, 20 ರೂಪಾಯಿ 70 ಪೈಸೆಗೆ ಇಳಿದಿದೆ. ಹಾಗಾದರೆ ಜಿಗಿತ ಇಲ್ಲಿಲ್ಲ. ಮುಂದಿನ ಮೆಟ್ಟಿಲು ಇತರೆ ಆದಾಯ. ಅದು 2,701 ಕೋಟಿಯಿಂದ 4,711 ಕೋಟಿಗೆ ನೆಗೆದಿದೆ. ಯಾಕೆ? ಹಿಂದಿನ ಹಲವು ವರ್ಷಗಳ ಆದಾಯ ತೆರಿಗೆಯ ತಗಾದೆಗಳಲ್ಲಿ ಕಂಪನಿಯ ಪರ ಆದೇಶ ಬಂದು, ತೆರಿಗೆ ಮರುಪಾವತಿಯ ಮೇಲಿನ ಬಡ್ಡಿ ಎಂದು 1,933 ಕೋಟಿ ರೂಪಾಯಿ 2024ರ ಮಾರ್ಚ್ ತ್ರೈಮಾಸಿಕದ ಲೆಕ್ಕಕ್ಕೆ ಸೇರಿತು. ತೆರಿಗೆಗಾಗಿ ಹಿಂದೆ ತೆಗೆದಿಟ್ಟಿದ್ದ ಹಣದಲ್ಲೂ ಒಂದು ಪಾಲು ಲಾಭಕ್ಕೆ ಮರಳಿತು.

ಈಗ ತೆರಿಗೆಗೆ ಮುಂಚಿನ ಲಾಭ ನೋಡಿ. ಅದು 33,322 ಕೋಟಿಯಿಂದ 35,988 ಕೋಟಿಗೆ, ಅಂದರೆ 2,666 ಕೋಟಿಯಷ್ಟು ಏರಿತ್ತು. ಅದರಲ್ಲಿ 1,933 ಕೋಟಿ ಈ ಬಡ್ಡಿಯೇ. ಏರಿಕೆಯ ಹೆಚ್ಚುಕಡಿಮೆ ಮುಕ್ಕಾಲು ಪಾಲು ಒಂದು ಸಲ ಬಂದು ಹೋಗುವ ಹಣ. ಅದನ್ನು ತೆಗೆದಿಟ್ಟರೆ ಉಳಿಯುವ ಏರಿಕೆ ಶೇ 2.2. ಸಣ್ಣ ಹೂಡಿಕೆದಾರನಿಗೆ ಈ ಒಂದು ವಿಷಯ ತಿಳಿಸದ ಸಂಗ್ರಹ, ಬೇರೆ ಹತ್ತು ವಿಷಯ ತಿಳಿಸಿದರೂ ಪ್ರಯೋಜನವಿಲ್ಲ.

ಯಾಕೆಂದರೆ ಮರುವರ್ಷ ಅದು ತಿರುಗಿ ಬಡಿಯುತ್ತದೆ. 2024-25ರಲ್ಲಿ ಕಂಪನಿಯ ಕಾರ್ಯಾಚರಣೆಯ ಲಾಭ 34,424 ಕೋಟಿಗೆ, ಶೇ 8.4ರಷ್ಟು ಏರಿತು. ಕಸುಬು ಹಿಂದಿನ ವರ್ಷಕ್ಕಿಂತ ಎಷ್ಟೋ ಚೆನ್ನಾಗಿತ್ತು. ಆದರೆ ನಿವ್ವಳ ಲಾಭ 26,713 ಕೋಟಿ. ಏರಿಕೆ ಶೇ 1.8 ಮಾತ್ರ. ಹೋಲಿಕೆಯ ವರ್ಷದಲ್ಲಿ ಆ ಬಡ್ಡಿಯ ದುಡ್ಡು ಕೂತಿದ್ದುದು ಇದಕ್ಕೆ ಮುಖ್ಯ ಕಾರಣ. ಬರೀ ನಿವ್ವಳ ಲಾಭ ನೋಡುತ್ತಾ ಬಂದವನಿಗೆ ಮೊದಲ ವರ್ಷ ಒಳ್ಳೆಯದಾಗಿ, ಎರಡನೆಯದು ಸಪ್ಪೆಯಾಗಿ ಕಾಣುತ್ತದೆ. ನಡೆದದ್ದು ಅದಕ್ಕೆ ನೇರ ವಿರುದ್ಧ.

ಇನ್ನು ದಾಖಲೆಯ ಗುತ್ತಿಗೆಗಳು. 17.7 ಬಿಲಿಯನ್ ಡಾಲರ್ ಎಂದರೆ ಕಂಪನಿಯ ಇಡೀ ವರ್ಷದ ಆದಾಯಕ್ಕೆ ಹತ್ತಿರದ ಮೊತ್ತ. ಆದರೆ ಅದು ಹಲವು ವರ್ಷಗಳಲ್ಲಿ ಹರಿದು ಬರಬೇಕಾದ ಹಣ. ಕಂಪನಿಯೇ ಹೇಳಿದಂತೆ ಅದರಲ್ಲಿ ಶೇ 52 ಮಾತ್ರ ಹೊಸ ಕೆಲಸ, ಉಳಿದದ್ದು ಹಳೆಯ ಗುತ್ತಿಗೆಗಳ ನವೀಕರಣ. ನವೀಕರಣವಾದರೆ ಇದ್ದ ಆದಾಯ ಉಳಿಯುತ್ತದೆಯೇ ಹೊರತು ಅದರಿಂದ ಆದಾಯ ಬೆಳೆಯುವುದಿಲ್ಲ. ಇತ್ತ ಆದಾಯದ ಕಾಲು ಭಾಗಕ್ಕಿಂತ ಹೆಚ್ಚು ತರುವ ಹಣಕಾಸು ಸೇವೆಗಳ ವಿಭಾಗ ಆ ವರ್ಷ ಕುಗ್ಗಿತ್ತು. ಬ್ಯಾಂಕುಗಳು, ವಿಮಾ ಕಂಪನಿಗಳು ಖರ್ಚು ಬಿಗಿ ಮಾಡಿದ್ದವು. ತಯಾರಿಕಾ ವಲಯದ ಗಿರಾಕಿಗಳಿಂದ ಬಂದ ಆದಾಯ ಆ ಕುಸಿತವನ್ನು ಸರಿದೂಗಿಸಿತು. ದಾಖಲೆಯ ಗುತ್ತಿಗೆಯ ವಾಕ್ಯವನ್ನು ಸಂಗ್ರಹದಲ್ಲಿ ಇಡುವುದಾದರೆ ಶೇ 52ರ ವಾಕ್ಯವನ್ನೂ ಅದರ ಪಕ್ಕದಲ್ಲೇ ಇಡಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಇಡುವುದು ಜಾಹೀರಾತಿನ ಕೆಲಸ.

ಮುನ್ನೋಟದ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಮೊದಲು ಓದುವುದು ಅದನ್ನೇ. ನನ್ನ ದೃಷ್ಟಿಯಲ್ಲಿ ಅತಿ ಕಡಿಮೆ ಜಾಗ ಕೊಡಬೇಕಾದದ್ದೂ ಅದಕ್ಕೇ. ಇನ್ಫೊಸಿಸ್ ತನ್ನ ಬೆಳವಣಿಗೆಯ ಅಂದಾಜನ್ನು ಫಲಿತಾಂಶದ ಜೊತೆ ಅಂಕಿಯಲ್ಲೇ ಹೇಳುತ್ತದೆ, ಹೆಚ್ಚಿನ ಕಂಪನಿಗಳು ಅಷ್ಟೂ ಹೇಳುವುದಿಲ್ಲ. 2023ರ ಏಪ್ರಿಲ್‌ನಲ್ಲಿ ಆ ಅಂದಾಜು ಶೇ 4ರಿಂದ 7 ಇತ್ತು. ಜೂನ್‌ನಲ್ಲಿ ವಾರ್ಷಿಕ ಸಭೆ ಮುಗಿಯಿತು. ಜುಲೈಯಲ್ಲಿ ಅದೇ ಅಂದಾಜು ಶೇ 1ರಿಂದ 3.5ಕ್ಕೆ ಇಳಿಯಿತು. ವರ್ಷದ ಕೊನೆಗೆ ನಿಜವಾಗಿ ಬಂದದ್ದು ಶೇ 1.4. ಮರುವರ್ಷ ಏಪ್ರಿಲ್‌ನಲ್ಲಿ ಶೇ 1ರಿಂದ 3 ಎಂದರು. ಬಂದದ್ದು ಶೇ 4.2. ಒಮ್ಮೆ ಮೇಲಕ್ಕೆ ತಪ್ಪಿತು, ಒಮ್ಮೆ ಕೆಳಕ್ಕೆ. ಗಿರಾಕಿಗಳ ಬಜೆಟ್ಟು ಕಂಪನಿಯ ಕೈಯಲ್ಲಿಲ್ಲ, ಆದ್ದರಿಂದ ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಸಂಗ್ರಹ ಮಾಡುವವರು ಮುನ್ನೋಟವನ್ನು ಬರೆದಾಗಲೆಲ್ಲ ಹೋದ ವರ್ಷ ಏನು ಹೇಳಿದ್ದರು, ಏನಾಯಿತು ಎಂಬ ಒಂದು ಸಾಲನ್ನೂ ಜೊತೆಗೆ ಬರೆದರೆ ಸಾಕು. ಆ ಸಾಲಿಗಾಗಿ ಹಿಂದಿನ ವರ್ಷದ ವರದಿಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಬೇಕು. ಎರಡು ವರ್ಷದ ವರದಿಗಳನ್ನು ಜೋಡಿಸಿ ಓದದೆ ಈ ಕೆಲಸ ಆಗುವುದಿಲ್ಲ.

ಹಾಗಾದರೆ ಆ ವರ್ಷದ ಸಂಗ್ರಹವನ್ನು ನಾನು ಹೇಗೆ ಬರೆಯುತ್ತೇನೆ ಎಂದು ನೀವು ಕೇಳಬಹುದು. ಇದೋ: "2023-24ರಲ್ಲಿ ಕಂಪನಿಯ ವ್ಯಾಪಾರ, ವಿನಿಮಯ ದರದ ಪರಿಣಾಮ ಬಿಟ್ಟರೆ, ಶೇ 1.4 ಮಾತ್ರ ಬೆಳೆದಿದೆ. ವರ್ಷದ ಆರಂಭದಲ್ಲಿ ಕಂಪನಿ ಶೇ 4ರಿಂದ 7 ಎಂದು ಅಂದಾಜು ಮಾಡಿತ್ತು. ಅತಿ ದೊಡ್ಡ ವಿಭಾಗವಾದ ಹಣಕಾಸು ಸೇವೆ ಕುಗ್ಗಿದೆ. ನಿವ್ವಳ ಲಾಭ ಶೇ 8.9 ಏರಿದ್ದರೂ ತೆರಿಗೆಗೆ ಮುಂಚಿನ ಲಾಭದ ಏರಿಕೆಯಲ್ಲಿ ಸುಮಾರು ಮುಕ್ಕಾಲು ಪಾಲು ತೆರಿಗೆ ಮರುಪಾವತಿಯ ಬಡ್ಡಿ. ಅದು ಮುಂದಿನ ವರ್ಷ ಇರುವುದಿಲ್ಲ, ಆದ್ದರಿಂದ ಮುಂದಿನ ವರ್ಷದ ಲಾಭವನ್ನು ಹೋಲಿಸುವಾಗ ಈ ವರ್ಷದ ಲಾಭದಿಂದ ಈ ಬಡ್ಡಿಯನ್ನು ಕಳೆಯಬೇಕು. ದೊಡ್ಡ ಗುತ್ತಿಗೆಗಳು ದಾಖಲೆಯ ಮಟ್ಟದಲ್ಲಿವೆ, ಅವುಗಳಲ್ಲಿ ಅರ್ಧದಷ್ಟು ಹೊಸವು. ಸಿಬ್ಬಂದಿ 3,43,234ರಿಂದ 3,17,240ಕ್ಕೆ ಇಳಿದಿದ್ದಾರೆ." ಇಷ್ಟೇ. ಇದರಲ್ಲಿ "ಉತ್ತಮ", "ದೃಢ", "ಆಶಾದಾಯಕ" ಎಂಬ ಒಂದು ಮಾತೂ ಇಲ್ಲ. ಪ್ರತಿ ವಾಕ್ಯವನ್ನೂ ಮರುವರ್ಷದ ವರದಿಯ ಎದುರು ಇಟ್ಟು ಪರೀಕ್ಷಿಸಬಹುದು. ಹಾಗೆ ಪರೀಕ್ಷಿಸಲಾಗದ ವಾಕ್ಯ ವರದಿಯಲ್ಲಿ ಎಷ್ಟೇ ಸೊಗಸಾಗಿದ್ದರೂ ಅದನ್ನು ಬಿಡಬಹುದು. ಜಾಗತಿಕ ಆರ್ಥಿಕತೆ ಎಷ್ಟು ಬೆಳೆಯುತ್ತದೆ, ಉದ್ಯಮ ಯಾವ ಎತ್ತರಕ್ಕೆ ಹೋಗುತ್ತದೆ ಎಂಬ ಆರಂಭದ ಪುಟಗಳೆಲ್ಲ ಈ ಜರಡಿಯಲ್ಲಿ ಉದುರಿ ಹೋಗುತ್ತವೆ. ಹೋಗಲಿ.

ಒಂದು ಎಚ್ಚರಿಕೆ. ವರದಿಯಲ್ಲಿ ಕಂಪನಿಯೊಂದರದ್ದೇ ಲೆಕ್ಕ ಬೇರೆ, ಅಂಗಸಂಸ್ಥೆಗಳನ್ನೂ ಸೇರಿಸಿದ ಕ್ರೋಡೀಕೃತ ಲೆಕ್ಕ ಬೇರೆ ಇರುತ್ತವೆ. ನಾನು ಹೇಳಿದ್ದೆಲ್ಲ ಕ್ರೋಡೀಕೃತ ಲೆಕ್ಕದ್ದು. ಒಂದರಿಂದ ಆದಾಯ, ಇನ್ನೊಂದರಿಂದ ಲಾಭ ಎತ್ತಿ ಬರೆದ ಸಂಗ್ರಹಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಯಾವ ಲೆಕ್ಕ ಎಂದು ಮೊದಲ ಸಾಲಿನಲ್ಲೇ ಬರೆದರೆ ಈ ಗೊಂದಲ ಹುಟ್ಟುವುದಿಲ್ಲ.

ಎಲ್ಲ ಕಂಪನಿಗಳೂ ಇಷ್ಟು ವಿವರ ಕೊಡುವುದಿಲ್ಲ ಎಂದೆನಲ್ಲ. ಅಂಥ ಕಡೆ ನಮಗಿರುವ ಮುಖ್ಯ ಹಿಡಿಕೆ ಶೇ 25ರ ಆ ನಿಯಮ. ಆದರೆ ಅದರಲ್ಲೊಂದು ಕಿಂಡಿಯಿದೆ. ಒಂದು ಕಾರ್ಖಾನೆಯ ಲಾಭ ಅದು ಕಟ್ಟಬೇಕಾದ ಬಡ್ಡಿಯ 5 ಪಟ್ಟು ಇತ್ತು ಎಂದಿಟ್ಟುಕೊಳ್ಳಿ. ಮರುವರ್ಷ ಅದು 3.8 ಪಟ್ಟಿಗೆ ಇಳಿಯಿತು. ಇಳಿಕೆ ಶೇ 24, ಕಾರಣ ಹೇಳಬೇಕಾಗಿಲ್ಲ. ಅದರ ಮರುವರ್ಷ 2.9 ಪಟ್ಟು. ಇಳಿಕೆ ಶೇ 24ಕ್ಕೂ ತುಸು ಕಡಿಮೆ. ಮತ್ತೆ ಕಾರಣ ಬೇಕಿಲ್ಲ. ಎರಡು ವರ್ಷದಲ್ಲಿ ಸಾಲದ ಬಡ್ಡಿ ಕಟ್ಟುವ ಶಕ್ತಿ ಶೇ 42ರಷ್ಟು ಕುಸಿದಿದೆ, ಚರ್ಚಾ ಭಾಗದಲ್ಲಿ ಅದರ ಬಗ್ಗೆ ಒಂದು ಸಾಲೂ ಬಂದಿಲ್ಲ, ನಿಯಮವನ್ನು ಮುರಿದಂತೆಯೂ ಆಗಿಲ್ಲ. ಆದ್ದರಿಂದ ಅನುಪಾತಗಳನ್ನು ಮೂರು ವರ್ಷದ ಪಟ್ಟಿಯಾಗಿ ನಾವೇ ಬರೆದುಕೊಳ್ಳಬೇಕು.

ಕಾರಣ ಕೊಟ್ಟ ಕಡೆಯೂ ಅದು ಕಾರಣವೇ ಎಂದು ನೋಡಬೇಕು. "ಲಾಭ ಇಳಿದದ್ದರಿಂದ ಲಾಭದ ಪ್ರಮಾಣ ಇಳಿದಿದೆ" ಎಂಬಂಥ ವಾಕ್ಯಗಳು ಈ ಭಾಗದಲ್ಲಿ ಬೇಕಾದಷ್ಟು ಸಿಗುತ್ತವೆ. ಅದು ಅನುಪಾತವನ್ನೇ ಮಾತಿನಲ್ಲಿ ಹೇಳಿದ್ದು. ಕಚ್ಚಾ ಮಾಲು ತುಟ್ಟಿಯಾಯಿತೇ, ಗಿರಾಕಿ ಕೈಬಿಟ್ಟನೇ, ಹೊಸ ಘಟಕ ಓಡಲು ತಡವಾಯಿತೇ ಎಂದು ಹೇಳಿದರೆ ಅದು ಕಾರಣ. ವಿವರಣೆ ಇಲ್ಲದಿದ್ದರೆ ಸಂಗ್ರಹದಲ್ಲಿ "ಕಂಪನಿ ಕಾರಣ ತಿಳಿಸಿಲ್ಲ" ಎಂದೇ ಬರೆಯಬೇಕು. ಓದುಗನಿಗೆ ಅದೂ ಒಂದು ಮಾಹಿತಿಯೇ. ಅಪಾಯಗಳ ಪಟ್ಟಿಯನ್ನೂ ಹೀಗೆಯೇ ಓದಬೇಕು. ಅದು ವರ್ಷದಿಂದ ವರ್ಷಕ್ಕೆ ಬಹುಮಟ್ಟಿಗೆ ಅದೇ ಇರುತ್ತದೆ. ಹೋದ ವರ್ಷ ಇಲ್ಲದೆ ಈ ವರ್ಷ ಸೇರಿದ ಸಾಲು ಯಾವುದು, ಸದ್ದಿಲ್ಲದೆ ಕಾಣೆಯಾದ ಸಾಲು ಯಾವುದು ಎನ್ನುವುದನ್ನು ಮಾತ್ರ ಎತ್ತಿಕೊಂಡರೆ ಸಾಕು.

ಈ ಕೆಲಸದ ಮಿತಿಯನ್ನೂ ಹೇಳಬೇಕು. ಚರ್ಚಾ ಭಾಗವನ್ನು ಲೆಕ್ಕ ಪರಿಶೋಧಕರು ಪರಿಶೋಧಿಸಿರುವುದಿಲ್ಲ. ಲೆಕ್ಕಪತ್ರಗಳಿಗೂ ಅದಕ್ಕೂ ಗಂಭೀರ ವೈರುಧ್ಯ ಇದೆಯೇ ಎಂದು ಓದಿ ನೋಡುವುದಷ್ಟೇ ಅವರ ಹೊಣೆ. ಲೆಕ್ಕವೇ ಸುಳ್ಳಾಗಿದ್ದರೆ ಯಾವ ಸಂಗ್ರಹವೂ ಅದನ್ನು ಹಿಡಿಯಲಾರದು. ಸತ್ಯಂ ಕಂಪನಿಯ ರಾಮಲಿಂಗ ರಾಜು 2009ರ ಜನವರಿ 7ರಂದು ಬರೆದ ಪತ್ರದಲ್ಲಿ, ಒಂದು ತ್ರೈಮಾಸಿಕಕ್ಕೆ ಆದಾಯದ ಶೇ 24 ಎಂದು ತೋರಿಸಿದ್ದ ಕಾರ್ಯಾಚರಣೆಯ ಲಾಭ ನಿಜವಾಗಿ ಶೇ 3 ಮಾತ್ರ ಎಂದು ಒಪ್ಪಿಕೊಂಡರು. ಅಂಥ ವರದಿಯ ಚರ್ಚಾ ಭಾಗವನ್ನು ಎಷ್ಟು ನಿಷ್ಠೆಯಿಂದ ಸಂಗ್ರಹಿಸಿದರೂ ಸಿಗುವುದು ಸುಳ್ಳಿನ ಸಂಗ್ರಹವೇ.

ಇನ್ನೊಂದು ಗೆರೆ ಕಾನೂನಿನದು. ವರದಿಯಲ್ಲಿ ಏನಿದೆ ಎಂದು ತಿಳಿಸುವುದು ಬೇರೆ, ಈ ಷೇರು ಕೊಳ್ಳಿ, ಮಾರಿ, ಇಷ್ಟು ಬೆಲೆಗೆ ಹೋಗುತ್ತದೆ ಎಂದು ಹೇಳುವುದು ಬೇರೆ. ಎರಡನೆಯದನ್ನು ವೃತ್ತಿಯಾಗಿ ಮಾಡುವವರು ಸೆಬಿಯ 2014ರ ಸಂಶೋಧನಾ ವಿಶ್ಲೇಷಕರ ನಿಯಮಗಳಡಿ ನೋಂದಣಿ ಮಾಡಿಸಿರಬೇಕು. ಕನ್ನಡದಲ್ಲಿ ಈ ಕೆಲಸಕ್ಕೆ ಇಳಿಯುವ ತರುಣರು ಮೊದಲನೆಯದನ್ನೇ ಚೆನ್ನಾಗಿ ಮಾಡಲಿ. ಅದನ್ನು ಮಾಡುವವರೇ ನಮ್ಮಲ್ಲಿ ಕಡಿಮೆ.

ಕೊನೆಯದಾಗಿ ಇಲ್ಲಿ ಕೂತಿರುವ ಷೇರುದಾರರಲ್ಲಿ ಒಂದು ವಿನಂತಿ. ವಾರ್ಷಿಕ ಸಭೆಗೆ ಕನಿಷ್ಠ 21 ದಿನ ಮುಂಚೆ ವರದಿ ನಿಮ್ಮ ಕೈಗೆ ಬರುತ್ತದೆ. ಆ ದಿನಗಳಲ್ಲಿ ಚರ್ಚಾ ಭಾಗವನ್ನು ಹೋದ ವರ್ಷದ್ದರ ಜೊತೆ ಇಟ್ಟು ಓದಿ. ಎಲ್ಲಿ ಅಂಕಿ ಬದಲಾಗಿದೆಯೋ, ಎಲ್ಲಿ ಕಾರಣ ಸಿಗುವುದಿಲ್ಲವೋ, ಅದನ್ನು ಒಂದು ಪ್ರಶ್ನೆಯಾಗಿ ಬರೆದು ಕಂಪನಿ ಕಾರ್ಯದರ್ಶಿಗೆ ಕಳಿಸಿ. ಕಳಿಸಬೇಕಾದ ಇಮೇಲ್ ವಿಳಾಸವೂ ಕೊನೆಯ ದಿನಾಂಕವೂ ಸಭೆಯ ನೋಟಿಸಿನಲ್ಲಿರುತ್ತವೆ. ಒಂದೇ ಒಂದು ಷೇರು ಇರುವವರೂ ಈ ಪ್ರಶ್ನೆ ಕೇಳಬಹುದು.